ಹೆಗಲ ಗಂಟು ಮತ್ತೆ ಮತ್ತೆ ಕಟ್ಟುವುದೇಕೆ?

ಕೆಲಸದ ಒತ್ತಡ ಹೆಚ್ಚಿದ ವಾರಗಳಲ್ಲಿ ಕತ್ತಿನ ಬುಡದಿಂದ ಹೆಗಲ ತುದಿಯವರೆಗೆ ಬೆರಳಾಡಿಸಿ ನೋಡಿ. ಸುಮಾರು ನಡುವಿನಲ್ಲಿ ಬಿಗಿದ ಎಳೆಯೊಂದು ಕೈಗೆ ಸಿಗುತ್ತದೆ. ಅದರ ಮೇಲೆ ಒಂದು ಜಾಗ ಒತ್ತಿದರೆ ‘ಹಾ, ಅಲ್ಲೇ’ ಎನ್ನುವಷ್ಟು ನೋಯುತ್ತದೆ. ಕೆಲವರಿಗೆ ಅಲ್ಲಿ ಒತ್ತಿದಾಗ ನೋವು ಕತ್ತಿನ ಪಕ್ಕದಿಂದ ಕಿವಿಯ ಹಿಂಭಾಗಕ್ಕೆ, ಅಲ್ಲಿಂದ ಕಣತಲೆಗೆ ಏರುತ್ತದೆ. ಸಂಜೆಯ ತಲೆನೋವಿಗೆ ಹಣೆಗೆ ಬಾಮ್ ಹಚ್ಚಿಕೊಳ್ಳುವ ಹಲವರಲ್ಲಿ ನೋವಿನ ಮೂಲ ಹೆಗಲಲ್ಲೇ ಇರುತ್ತದೆ. ಇಂಥ ಇನ್ನೊಂದು ಜಾಗ ಬೆನ್ನ ಮೇಲಿನ ರೆಕ್ಕೆಮೂಳೆಯ ಒಳಗಿನ ಮೇಲ್ತುದಿ. ಒಂದೇ ಕಡೆಗೆ ಕತ್ತು ತಿರುಗಿಸಿಕೊಂಡು ಕೆಲಸ ಮಾಡುವವರಿಗೆ ಅಲ್ಲಿ ಹೆಚ್ಚು ನೋಯುತ್ತದೆ.

ಕತ್ತಿನಿಂದ ಹೆಗಲಿಗೂ ನಡುಬೆನ್ನಿಗೂ ಹರಡಿಕೊಂಡಿರುವ ಈ ದೊಡ್ಡ ಸ್ನಾಯುವಿನ ಹೆಸರು ಟ್ರಪೀಜಿಯಸ್. ಅದರಲ್ಲಿ ಕಟ್ಟುವ ಗಂಟನ್ನು ವೈದ್ಯರು ‘ಟ್ರಿಗರ್ ಪಾಯಿಂಟ್’ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯರಾದವರು ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್. ಅವರು ಡೇವಿಡ್ ಸೈಮನ್ಸ್ ಜೊತೆ ಸೇರಿ 1983ರಲ್ಲಿ ಹೊರತಂದ ಕೈಪಿಡಿಯನ್ನು ಫಿಸಿಯೋಥೆರಪಿಸ್ಟ್‌ಗಳು ಇಂದಿಗೂ ತಿರುವಿ ನೋಡುತ್ತಾರೆ. ಸ್ನಾಯುವಿನ ಕೆಲವು ನಾರುಗಳು ಸಂಕುಚಿಸಿದ ಸ್ಥಿತಿಯಲ್ಲೇ ಉಳಿಯುತ್ತವೆ, ಅಲ್ಲಿ ರಕ್ತಸಂಚಾರ ಕಡಿಮೆಯಾಗುತ್ತದೆ, ನೋವು ಹುಟ್ಟಿಸುವ ರಾಸಾಯನಿಕಗಳು ಸೇರಿಕೊಳ್ಳುತ್ತವೆ ಎಂಬುದು ಅವರ ವಿವರಣೆ. ಇದನ್ನು ಎಲ್ಲರೂ ಒಪ್ಪಿಲ್ಲ. ಒಬ್ಬರದೇ ಹೆಗಲನ್ನು ಇಬ್ಬರು ಪರಿಣತರು ಮುಟ್ಟಿ ನೋಡಿದರೆ ಗಂಟು ಎಲ್ಲಿದೆ ಎಂಬುದರಲ್ಲೇ ಅವರಿಗೆ ಒಮ್ಮತ ಮೂಡದಿರುವುದುಂಟು. ಬೆರಳಿಗೆ ಸಿಗುವ ಗಂಟಿಗಿಂತ ನರಮಂಡಲದ ಸೂಕ್ಷ್ಮತೆಯೇ ಮುಖ್ಯ ಎನ್ನುವ ತಜ್ಞರೂ ಇದ್ದಾರೆ. ನೋವು ನಿಜ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಮನಸ್ಸಿನ ಒತ್ತಡ ಹೆಗಲಿಗೆ ಇಳಿಯುವುದು ಹೇಗೆ? 1994ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೊಂದು ಚೊಕ್ಕ ಪ್ರಯೋಗ ಮಾಡಿದರು. ನೋವಿರುವ ಗಂಟಿನೊಳಗೆ ತೆಳುವಾದ ಸೂಜಿಯೊಂದನ್ನಿಟ್ಟು, ಅದೇ ಸ್ನಾಯುವಿನ ನೋವಿಲ್ಲದ ಪಕ್ಕದ ಭಾಗದಲ್ಲಿ ಇನ್ನೊಂದನ್ನಿಟ್ಟು, ಎರಡೂ ಕಡೆಯ ವಿದ್ಯುತ್ ಚಟುವಟಿಕೆಯನ್ನು ಅಳೆದರು. ಕುಳಿತವರಿಗೆ ಬಾಯಿಲೆಕ್ಕ ಕೊಟ್ಟು ಒತ್ತಡ ಹಾಕಿದಾಗ ಗಂಟಿನೊಳಗಿನ ಚಟುವಟಿಕೆ ಏರಿತು, ಪಕ್ಕದ ಭಾಗ ಸುಮ್ಮನೆ ಇತ್ತು. ಅವರು ಯಾವ ಭಾರವನ್ನೂ ಎತ್ತಿರಲಿಲ್ಲ, ಕೈಯನ್ನೂ ಆಡಿಸಿರಲಿಲ್ಲ. ‘ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ’ ಎಂದು ನೋವುಳ್ಳವರ ಬಾಯಿ ಮುಚ್ಚಿಸುವವರು ಈ ಪ್ರಯೋಗವನ್ನು ತಿಳಿದಿರಬೇಕು. ಒತ್ತಡ ಮನಸ್ಸಿನದ್ದಾದರೂ ದುಡಿಯುವುದು ಸ್ನಾಯು.

ದುಡಿಮೆ ಅಷ್ಟು ಸಣ್ಣದಾದರೂ ನೋವು ಇಷ್ಟೇಕೆ ಎಂಬ ಪ್ರಶ್ನೆಗೆ ಸ್ವೀಡನ್ನಿನ ಯೋರಾನ್ ಹೆಗ್ 1991ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸುತ್ತದೆ. ಸ್ನಾಯುವಿನ ನಾರುಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಸಣ್ಣ ಕೆಲಸಕ್ಕೆ ಸಣ್ಣ ನಾರುಗಳ ಗುಂಪು ಮೊದಲು ಏಳುತ್ತದೆ, ಭಾರ ಹೆಚ್ಚಿದರೆ ದೊಡ್ಡವು ಬಂದು ಸೇರುತ್ತವೆ. ಭಾರ ಇಳಿಯುವಾಗ ದೊಡ್ಡವು ಮೊದಲು ವಿರಮಿಸುತ್ತವೆ, ಸಣ್ಣವು ಎಲ್ಲಕ್ಕಿಂತ ಕೊನೆಗೆ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರೂ ಮಲಗಿದ ಮೇಲೆ ಮಲಗುವ ಕಥೆಯ ಸಿಂಡ್ರೆಲಾಳಂತೆ ಇವುಗಳ ಪಾಡು. ಹೆಗ್ ತಮ್ಮ ಊಹೆಗೆ ಅದೇ ಹೆಸರಿಟ್ಟರು. ಕೀಬೋರ್ಡ್ ಮುಂದೆ ತೋಳನ್ನು ತುಸುವೇ ಎತ್ತಿ ಹಿಡಿದಿದ್ದರೂ, ಆತಂಕದಿಂದ ಹೆಗಲು ಅರ್ಧ ಅಂಗುಲ ಮೇಲೇರಿದ್ದರೂ ಈ ಸಣ್ಣ ನಾರುಗಳಿಗೆ ಬಿಡುವಿಲ್ಲ. ಸ್ನಾಯು ಒಟ್ಟಾರೆ ದಣಿದಿರುವುದಿಲ್ಲ, ಅದರ ಒಂದು ಭಾಗ ಮಾತ್ರ ದಿನವಿಡೀ ಸವೆಯುತ್ತದೆ.

ನಾರ್ವೆಯ ಚಾಕೊಲೇಟ್ ಕಾರ್ಖಾನೆಯೊಂದರಲ್ಲಿ ಪೊಟ್ಟಣ ಕಟ್ಟುವ ಮಹಿಳೆಯರ ಮೇಲೆ ಸುಮಾರು ಇದೇ ಕಾಲದಲ್ಲಿ ನಡೆದ ಅಧ್ಯಯನ ಈ ಮಾತಿಗೆ ಬಲ ಕೊಟ್ಟಿತು. ಎಲ್ಲರದ್ದೂ ಒಂದೇ ಬಗೆಯ ಕೆಲಸ. ಆದರೆ ಕೆಲವರ ಹೆಗಲ ಸ್ನಾಯು ಕೆಲಸದ ನಡುವೆಯೇ ಸೆಕೆಂಡಿಗೂ ಕಡಿಮೆ ಅವಧಿಯ ಪುಟ್ಟ ಪುಟ್ಟ ಬಿಡುವುಗಳನ್ನು ಪಡೆಯುತ್ತಿತ್ತು, ಇನ್ನು ಕೆಲವರಲ್ಲಿ ಅಂಥ ಬಿಡುವು ತೀರಾ ವಿರಳ. ಮುಂದೆ ನೋವಿಗೆ ತುತ್ತಾದವರು ಹೆಚ್ಚಾಗಿ ಬಿಡುವು ಕಡಿಮೆಯಿದ್ದವರೇ. ಗಂಟು ಮರಳಿ ಬರುವ ಗುಟ್ಟು ನನ್ನ ಪ್ರಕಾರ ಇಲ್ಲಿದೆ. ರಾತ್ರಿ ಎಷ್ಟೇ ಚೆನ್ನಾಗಿ ಒತ್ತಿಸಿಕೊಂಡರೂ, ಬೆಳಿಗ್ಗೆ ಹತ್ತರಿಂದ ಆರರವರೆಗೆ ಹೆಗಲಿಗೆ ಬಿಡುವಿಲ್ಲದಿದ್ದರೆ ಗಂಟು ಮತ್ತೆ ಕಟ್ಟುತ್ತದೆ.

ಹಾಗೆಂದು ಒತ್ತುವುದು ವ್ಯರ್ಥವಲ್ಲ. ಎಡ ಹೆಗಲು ನೋಯುತ್ತಿದ್ದರೆ ಎಡ ಮೊಣಕೈಯನ್ನು ಮೇಜಿನ ಮೇಲೋ ತೊಡೆಯ ಮೇಲಿಟ್ಟ ದಿಂಬಿನ ಮೇಲೋ ಊರಿ. ತೋಳಿನ ಭಾರ ಇಳಿದರೆ ಮಾತ್ರ ಸ್ನಾಯು ಸಡಿಲಗೊಳ್ಳುತ್ತದೆ. ಬಲಗೈಯ ಹೆಬ್ಬೆರಳು ಹಾಗೂ ಉಳಿದ ಬೆರಳುಗಳ ನಡುವೆ ಹೆಗಲ ದಪ್ಪ ಸ್ನಾಯುವನ್ನು ಹಿಡಿದು, ನೋಯುವ ಜಾಗ ಸಿಕ್ಕಿದಲ್ಲಿ ನಿಲ್ಲಿಸಿ. ಸಹಿಸಲಾರದ ನೋವಿಗೆ ಹತ್ತು ಅಂಕವೆಂದರೆ ನಿಮ್ಮ ಒತ್ತು ನಾಲ್ಕೈದು ಅಂಕ ದಾಟಬಾರದು. ಉಜ್ಜದೆ, ಮೂವತ್ತರಿಂದ ಅರವತ್ತು ಸೆಕೆಂಡ್ ಹಾಗೇ ಹಿಡಿದಿರಿ, ಉಸಿರನ್ನು ನಿಧಾನವಾಗಿ ಬಿಡುತ್ತಿರಿ. ನೋವು ಅರ್ಧಕ್ಕಿಳಿದಂತೆ ಅನ್ನಿಸಿದರೆ ಕೈ ತೆಗೆಯಿರಿ. ರೆಕ್ಕೆಮೂಳೆಯ ಬಳಿಯ ಗಂಟಿಗೆ ಕೈ ಎಟುಕುವುದಿಲ್ಲ. ಟೆನಿಸ್ ಚೆಂಡೊಂದನ್ನು ಉದ್ದ ಕಾಲುಚೀಲಕ್ಕೆ ಹಾಕಿ, ಚೀಲದ ತುದಿ ಕೈಯಲ್ಲಿ ಹಿಡಿದು, ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿಕೊಳ್ಳಿ. ಚೆಂಡು ಬೆನ್ನೆಲುಬಿನ ಮೇಲೆ ಕೂರದಿರಲಿ, ಮೂಳೆಯ ಬದಿಯ ಮಾಂಸದ ಮೇಲಿರಲಿ. ಒಂದು ಸಲಕ್ಕೆ ಎರಡು ಮೂರು ಜಾಗ, ದಿನಕ್ಕೆ ಒಂದೆರಡು ಸಲ ಸಾಕು. ಮೊದಲು ಹದಿನೈದು ನಿಮಿಷ ಬಿಸಿನೀರಿನ ಚೀಲದಿಂದ ಶಾಖ ಕೊಟ್ಟುಕೊಂಡರೆ ಒತ್ತು ಹಗುರಾಗುತ್ತದೆ. ಒತ್ತಿದ ಮೇಲೆ ಕತ್ತನ್ನೂ ಹೆಗಲನ್ನೂ ಎರಡು ನಿಮಿಷ ನಿಧಾನವಾಗಿ ಆಡಿಸಿ.

ಗಂಟನ್ನು ‘ಒಡೆಯಬೇಕು’ ಎಂಬ ಹಟದಿಂದ ಬಲವಾಗಿ ಗುದ್ದಿಸಿಕೊಳ್ಳುವವರಿದ್ದಾರೆ. ಒಡೆಯುವಂಥದ್ದು ಅಲ್ಲಿ ಏನೂ ಇಲ್ಲ. ಹದವಾಗಿ ಒತ್ತಿದಾಗ ನೋವು ಇಳಿಯುವುದು ನರಮಂಡಲ ಆ ಜಾಗದ ಎಚ್ಚರಿಕೆಯನ್ನು ತಗ್ಗಿಸುವುದರಿಂದ. ಬಲ ಮೀರಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಮರುದಿನ ಬೆಳಿಗ್ಗೆ ಹೆಗಲು ಮುಟ್ಟಿದರೆ ನೋಯುವಂತಾಗಿ, ಚರ್ಮ ನೀಲಿಗಟ್ಟಿದ್ದರೆ ಒತ್ತು ಹೆಚ್ಚಾಗಿತ್ತೆಂದೇ ತಿಳಿಯಿರಿ. ಕತ್ತಿನ ಮುಂಭಾಗವನ್ನು ಎಂದೂ ಒತ್ತಬೇಡಿ, ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳು ಅಲ್ಲಿವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಗಟ್ಟಿಯಾಗಿ ಒತ್ತಿಸಿಕೊಳ್ಳುವುದೇ ಬೇಡ.

ಇನ್ನು ಕೆಲವು ನೋವುಗಳು ಗಂಟಿನವಲ್ಲ. ಹೆಗಲ ನೋವಿನ ಜೊತೆ ಎದೆಯಲ್ಲಿ ಭಾರ, ಬೆವರು, ಏದುಸಿರು ಇದ್ದರೆ ಅಥವಾ ದವಡೆಗೂ ತೋಳಿಗೂ ನೋವು ಹರಿದರೆ ಚೆಂಡು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆರಳು ಜೋಮು ಹಿಡಿಯುವುದು, ಕೈಯ ಹಿಡಿತ ಸಡಿಲಾಗುವುದು ಕತ್ತಿನ ನರದ ತೊಂದರೆ ಇರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತು ದಾಟಿದವರಲ್ಲಿ ಬೆಳಿಗ್ಗೆ ಎರಡೂ ಹೆಗಲು ಎತ್ತಲಾರದಷ್ಟು ಬಿಗಿತ ಇವಕ್ಕೂ ವೈದ್ಯರನ್ನು ಕಾಣಬೇಕು.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವ, ನಲವತ್ತರ ಆಸುಪಾಸಿನ ಮಹಿಳೆ. ಮಾರ್ಚ್ ಬಂದರೆ ಎಡ ಹೆಗಲು ಕಲ್ಲಾಗುತ್ತದೆ. ಆಕೆ ಕೂರುವುದನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮೇಜು ಎತ್ತರ, ಕುರ್ಚಿ ತಗ್ಗು, ಹಾಗಾಗಿ ಟೈಪ್ ಮಾಡುವಾಗೆಲ್ಲ ಹೆಗಲು ಮೇಲಕ್ಕೇರಿಯೇ ಇರುತ್ತದೆ. ವೋಚರುಗಳ ಕಟ್ಟು ಎಡಕ್ಕಿದೆ, ದಿನಕ್ಕೆ ನೂರಾರು ಸಲ ಕತ್ತು ಅತ್ತಲೇ ತಿರುಗುತ್ತದೆ. ಫೋನ್ ಬಂದರೆ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಮಾತು. ಕಡೆಯ ದಿನಾಂಕ ಹತ್ತಿರವಾದಂತೆ ಊಟ ಮೇಜಿನ ಮುಂದೆಯೇ.

ಇಲ್ಲಿ ಮೊದಲ ಕೆಲಸ ಕುರ್ಚಿಯದ್ದು. ಸೀಟಿನ ಮೇಲೆ ದಪ್ಪ ದಿಂಬು ಹಾಕಿ, ಕಾಲ ಕೆಳಗೊಂದು ಮಣೆ ಇಟ್ಟರೆ ಮೊಣಕೈ ಮೇಜಿನ ಮಟ್ಟಕ್ಕೆ ಬರುತ್ತದೆ, ಮುಂಗೈ ಮೇಜಿನ ಮೇಲೆ ಊರಿಕೊಳ್ಳುತ್ತದೆ. ವೋಚರುಗಳು ಕೀಬೋರ್ಡಿಗೂ ಪರದೆಗೂ ನಡುವೆ, ಕಣ್ಣೆದುರಿಗೆ ಬರಬೇಕು. ಫೋನ್‌ಗೆ ಇಯರ್‌ಫೋನ್. ಎರಡನೆಯದು ಬಿಡುವು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎರಡೂ ಕೈಗಳನ್ನು ಮಡಿಲಲ್ಲಿ ಚೆಲ್ಲಿ ಇಪ್ಪತ್ತು ಸೆಕೆಂಡ್ ಕೂರುವುದು. ಇಷ್ಟಕ್ಕೆ ಯಾವ ಯಜಮಾನರೂ ಗೊಣಗಲಾರರು.

ಆದರೆ ಒತ್ತಡದಲ್ಲಿರುವವರಿಗೆ ತಮ್ಮ ಹೆಗಲು ಮೇಲೇರಿದ್ದು ಗೊತ್ತೇ ಆಗುವುದಿಲ್ಲ. ಮಡಿಲಲ್ಲಿ ಕೈಯಿದ್ದರೂ ಹೆಗಲು ಬಿಗಿದೇ ಇರುತ್ತದೆ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು 1920ರ ದಶಕದಲ್ಲಿ ರೂಪಿಸಿದ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ. ‘ಸಡಿಲ ಬಿಡು’ ಎಂದರೆ ಸ್ನಾಯು ಕೇಳುವುದಿಲ್ಲ. ಮೊದಲು ಬೇಕೆಂದೇ ಬಿಗಿಮಾಡಿ, ಆಮೇಲೆ ಬಿಟ್ಟರೆ ಎರಡರ ವ್ಯತ್ಯಾಸ ಅರಿವಿಗೆ ಬರುತ್ತದೆ. ಎರಡೂ ಹೆಗಲನ್ನು ಕಿವಿಯತ್ತ ಅರ್ಧದಷ್ಟೇ ಬಲದಿಂದ ಎತ್ತಿ ಐದು ಸೆಕೆಂಡ್ ಹಿಡಿಯಿರಿ. ಉಸಿರು ಬಿಡುತ್ತಾ ಒಮ್ಮೆಲೇ ಬಿಟ್ಟುಬಿಡಿ. ಇಪ್ಪತ್ತು ಮೂವತ್ತು ಸೆಕೆಂಡ್ ಆ ಇಳಿತವನ್ನು ಗಮನಿಸುತ್ತಾ ಸುಮ್ಮನಿರಿ. ಹೀಗೆ ಐದು ಸಲ. ಕೆಲವು ವಾರ ಅಭ್ಯಾಸವಾದ ಮೇಲೆ, ಎತ್ತದೆಯೇ ಬರಿಯ ನೆನಪಿನಿಂದ ಹೆಗಲು ಇಳಿಸಲು ಬರುತ್ತದೆ. ಕೆಲಸದ ನಡುವೆ ಉಪಯೋಗಕ್ಕೆ ಬರುವುದು ಆ ಕಲಿಕೆಯೇ.

ಮೂರನೆಯದನ್ನು ಜನ ಸುಲಭಕ್ಕೆ ನಂಬುವುದಿಲ್ಲ. ನೋಯುವ ಸ್ನಾಯುವಿಗೆ ವಿಶ್ರಾಂತಿಯ ಜೊತೆ ವ್ಯಾಯಾಮವೂ ಬೇಕು. ಕತ್ತು ಮತ್ತು ಹೆಗಲ ನೋವಿದ್ದ ಡೆನ್ಮಾರ್ಕಿನ ಕಚೇರಿ ನೌಕರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಬ್ಬರ್ ಪಟ್ಟಿ ಹಿಡಿದು ತೋಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ವಾರಕ್ಕೆ ಐದು ದಿನ, ದಿನಕ್ಕೆ ಎರಡೇ ನಿಮಿಷ ಮಾಡಿದವರಲ್ಲೂ ಹತ್ತು ವಾರಗಳಲ್ಲಿ ನೋವು ಗಮನಾರ್ಹವಾಗಿ ತಗ್ಗಿತ್ತು. ಮನೆಯಲ್ಲಿ ಅರ್ಧ ಲೀಟರಿನ ನೀರಿನ ಬಾಟಲಿಯಿಂದ ಆರಂಭಿಸಬಹುದು. ಎರಡೂ ಕೈಯಲ್ಲಿ ಒಂದೊಂದು ಹಿಡಿದು, ತೋಳುಗಳನ್ನು ಪಕ್ಕದಿಂದ ತುಸು ಮುಂದಕ್ಕೆ ಹೆಗಲ ಮಟ್ಟದವರೆಗೆ ಮಾತ್ರ ಎತ್ತಿ, ನಿಧಾನವಾಗಿ ಇಳಿಸಿ. ಮೊದಲ ವಾರ ತುಸು ಮೈಕೈ ನೋವು ಸಹಜ. ಎತ್ತುವಾಗ ಹೆಗಲ ಕೀಲಿನೊಳಗೆ ಚುಚ್ಚಿದಂತಾದರೆ ನಿಲ್ಲಿಸಿ, ತೋರಿಸಿಕೊಳ್ಳಬೇಕು.

ಈ ವ್ಯಾಯಾಮವನ್ನು ಮಾರ್ಚಿನ ನಡುವಿನಲ್ಲಿ, ಹೆಗಲು ಉರಿಯುತ್ತಿರುವಾಗ ಶುರುಮಾಡಿದರೆ ಎರಡೇ ದಿನಕ್ಕೆ ಕೈಬಿಟ್ಟು ಹೋಗುತ್ತದೆ. ಲೆಕ್ಕ ಬರೆಯುವ ಆ ಮಹಿಳೆ ಇದನ್ನು ಶುರುಮಾಡಬೇಕಾದದ್ದು ಜನವರಿಯ ಮೊದಲ ವಾರದಲ್ಲಿ, ಅಂದರೆ ಹತ್ತು ವಾರ ಮುಂಚೆ. ಮಾರ್ಚಿನ ಕೊನೆಯ ವಾರ ವ್ಯಾಯಾಮಕ್ಕೆ ಸಮಯ ಸಿಗದಿದ್ದರೆ ಬಿಡಲಿ, ಅರ್ಧ ಗಂಟೆಗೊಮ್ಮೆ ಕೈ ಮಡಿಲಿಗೆ ಇಳಿಸುವುದನ್ನು ಮಾತ್ರ ಬಿಡದಿರಲಿ.