ಎಷ್ಟಕ್ಕೆ ಎಷ್ಟು: ಅಂಕಪಟ್ಟಿಯ ಲೆಕ್ಕ ಸರಿಯಿದೆಯೇ?

ಅಂಕಪಟ್ಟಿ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಕೆಳಗಿನ ಒಟ್ಟು ಅಂಕದ ಮೇಲೆ ಬೀಳುತ್ತದೆ. ಅದನ್ನು ಎಷ್ಟರಿಂದ ಭಾಗಿಸಿ ಶೇಕಡಾವಾರು ತೆಗೆದಿದ್ದಾರೆ, ಗ್ರೇಡ್ ಪಾಯಿಂಟ್‌ಗೆ ಯಾವ ವಿಷಯದ ತೂಕ ಎಷ್ಟು ಹಾಕಿದ್ದಾರೆ ಎಂಬುದನ್ನು ನೋಡುವವರು ಕಡಿಮೆ. ಕೂಡುವಲ್ಲಿ ಆಗುವ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಭಾಗಿಸುವಲ್ಲಿ ಆದ ತಪ್ಪು ಹಾಗಲ್ಲ. ಬಂದ ಉತ್ತರ ನಂಬುವಂತೆಯೇ ಇರುವುದರಿಂದ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ.

ನಮ್ಮ ಎಸ್ಸೆಸ್ಸೆಲ್ಸಿಯನ್ನೇ ನೋಡಿ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಪ್ರಥಮ ಭಾಷೆಯಲ್ಲಿ ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಮಿಕ್ಕವುಗಳಲ್ಲಿ 80 ಮತ್ತು 20. ಪಿಯುಸಿಯಲ್ಲಾದರೆ ಆರು ವಿಷಯಕ್ಕೂ ನೂರು ನೂರರಂತೆ 600. ಈ 600ರ ಅಭ್ಯಾಸ ತಲೆಯಲ್ಲಿ ಕೂತಿರುವುದರಿಂದಲೇ ಎಸ್ಸೆಸ್ಸೆಲ್ಸಿಯ ಶೇಕಡಾವಾರು ಆಗಾಗ ತಪ್ಪುತ್ತದೆ.

ಒಬ್ಬ ಹುಡುಗಿಯ ಅಂಕಗಳು ಹೀಗಿವೆ ಎಂದುಕೊಳ್ಳೋಣ: ಕನ್ನಡ 121, ಇಂಗ್ಲಿಷ್ 86, ಹಿಂದಿ 93, ಗಣಿತ 77, ವಿಜ್ಞಾನ 81, ಸಮಾಜ ವಿಜ್ಞಾನ 90. ಕೂಡಿದರೆ 548. ಇದನ್ನು 625ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 87.68. ಇದೇ ಸರಿ. ಆರು ವಿಷಯ, ಆರು ನೂರು ಎಂದು ಲೆಕ್ಕ ಹಾಕಿದವರಿಗೆ ಶೇ. 91.33 ಬರುತ್ತದೆ. ಪ್ರತಿ ವಿಷಯದ ಶೇಕಡಾವಾರು ತೆಗೆದು ಆರರಿಂದ ಭಾಗಿಸಿದವರಿಗೆ ಶೇ. 87.30. ಅಂಕಗಳು ಅವೇ, ಉತ್ತರ ಮಾತ್ರ ಮೂರು. ಶೇ. 91 ಎಂದು ಕಾಲೇಜಿನ ಅರ್ಜಿಯಲ್ಲಿ ತುಂಬಿದ ಹುಡುಗಿ ದಾಖಲೆ ಪರಿಶೀಲನೆಯ ದಿನ ಕೌಂಟರಿನ ಮುಂದೆ ಸುಳ್ಳು ಹೇಳಿದವಳಂತೆ ನಿಲ್ಲಬೇಕಾಗುತ್ತದೆ. ಅವಳು ಹೇಳಿದ್ದು ಸುಳ್ಳಲ್ಲ, ಭಾಗಿಸಿದ ಸಂಖ್ಯೆ ತಪ್ಪು.

ಸಿಬಿಎಸ್‌ಇ ಮಕ್ಕಳ ತೊಡಕು ಬೇರೆ. ಆ ಮಂಡಳಿ ಒಟ್ಟು ಅಂಕವನ್ನಾಗಲಿ ಶೇಕಡಾವಾರನ್ನಾಗಲಿ ತಾನಾಗಿ ಕೊಡುವುದಿಲ್ಲ. ಐದಕ್ಕಿಂತ ಹೆಚ್ಚು ವಿಷಯ ತೆಗೆದುಕೊಂಡಿದ್ದರೆ ಯಾವ ಐದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಸೇರಿಸಿಕೊಳ್ಳುವ ಸಂಸ್ಥೆ ನಿರ್ಧರಿಸುತ್ತದೆ. ಹಾಗಾಗಿ ಒಂದೇ ಅಂಕಪಟ್ಟಿಗೆ ಎರಡು ಕಾಲೇಜುಗಳಲ್ಲಿ ಎರಡು ಶೇಕಡಾವಾರು ಬಂದರೆ ಗಾಬರಿಯಾಗಬೇಡಿ, ಅವರ ನಿಯಮ ಏನೆಂದು ಕೇಳಿ.

ಮಂಡಳಿಯ ಅಂಕಪಟ್ಟಿಯಲ್ಲಿ ಕೂಡುವ ಕೆಲಸ ಕಂಪ್ಯೂಟರಿನದು. ಅಲ್ಲಿ ಒಟ್ಟು ತಪ್ಪುವುದು ಅಪರೂಪ. ತಪ್ಪಾಗುವುದಿದ್ದರೆ ಅದಕ್ಕೂ ಮೊದಲು, ಅಂಕ ತುಂಬುವಾಗ. ಶಾಲೆಯವರು ಆಂತರಿಕ ಅಂಕ 20ನ್ನು 02 ಎಂದು ಒತ್ತಿದರೆ ಕಂಪ್ಯೂಟರ್ ಆ ಎರಡನ್ನೇ ನಿಷ್ಠೆಯಿಂದ ಕೂಡುತ್ತದೆ. ಅಂಥ ಪಟ್ಟಿಯಲ್ಲಿ ಅಡ್ಡ ಸಾಲೂ ಸರಿ, ಕೆಳಗಿನ ಮೊತ್ತವೂ ಸರಿ. ಆದ್ದರಿಂದ ನಿಮ್ಮ ಮಗು ಶಾಲೆಯಲ್ಲಿ ನೋಡಿ ಸಹಿ ಹಾಕಿದ ಆಂತರಿಕ ಅಂಕಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸುವುದೇ ಮೊದಲ ಕೆಲಸ. ಅಂಕಿಯಲ್ಲಿ ಇರುವುದಕ್ಕೂ ಅಕ್ಷರದಲ್ಲಿ ಬರೆದಿರುವುದಕ್ಕೂ ತಾಳೆಯಿದೆಯೇ ಎಂದೂ ನೋಡಿ.

ಕೈಯಲ್ಲಿ ನಕಲು ಮಾಡಿದ ಪಟ್ಟಿಗಳ ಕಥೆ ಬೇರೆ. ಶಾಲೆಯ ಪ್ರಗತಿ ಪತ್ರ, ತರಗತಿಯ ರಿಜಿಸ್ಟರು, ವಿದ್ಯಾರ್ಥಿವೇತನಕ್ಕೆ ತುಂಬಿದ ಅರ್ಜಿ, ಇವುಗಳಲ್ಲಿ ಅಂಕಿಗಳು ಹಿಂದುಮುಂದಾಗುವುದೇ ಹೆಚ್ಚು. ಲೆಕ್ಕ ಬರೆಯುವವರು ಬಹಳ ಕಾಲದಿಂದ ಬಳಸುವ ಒಂದು ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಮೇಲಿನ ಹುಡುಗಿಯ ಒಟ್ಟು 548ರ ಬದಲು 530 ಎಂದು ರಿಜಿಸ್ಟರಿನಲ್ಲಿದೆ ಎನ್ನಿ. ವ್ಯತ್ಯಾಸ 18. ಅದು ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಶಂಕಿಸಬೇಕು. 18ನ್ನು ಒಂಬತ್ತರಿಂದ ಭಾಗಿಸಿದರೆ 2. ಅಂದರೆ ಬಿಡಿ ಮತ್ತು ಹತ್ತರ ಸ್ಥಾನಗಳ ಅಂಕಿಗಳ ನಡುವೆ ಎರಡರ ಅಂತರವಿರುವ ವಿಷಯವನ್ನು ಹುಡುಕಬೇಕು. 93ರಲ್ಲಿ ಅಂತರ ಆರು, 81ರಲ್ಲಿ ಏಳು, 90ರಲ್ಲಿ ಒಂಬತ್ತು, 77ರಲ್ಲಿ ಅಂತರವೇ ಇಲ್ಲ, 121ರ ಕೊನೆಯ ಎರಡು ಅಂಕಿಗಳಲ್ಲಿ ಒಂದು. ಉಳಿಯುವುದು ಇಂಗ್ಲಿಷಿನ 86 ಒಂದೇ. ಅದನ್ನು ಯಾರೋ 68 ಎಂದು ಓದಿ ಕೂಡಿದ್ದಾರೆ. ಒಂಬತ್ತರ ಭಾಗವಾಯಿತು ಎಂದ ಮಾತ್ರಕ್ಕೆ ತಪ್ಪು ಇದೇ ಎಂದು ಸಾಬೀತಾಗುವುದಿಲ್ಲ. ಎಲ್ಲಿ ಮೊದಲು ನೋಡಬೇಕು ಎಂದು ಮಾತ್ರ ಅದು ತೋರಿಸುತ್ತದೆ.

ಎಕ್ಸೆಲ್‌ನಲ್ಲಿ ಪಟ್ಟಿ ತಯಾರಿಸುವ ಶಿಕ್ಷಕರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಬೇರೆ ಕಡೆಯಿಂದ ತಂದು ಅಂಟಿಸಿದ ಅಂಕ ಕೆಲವೊಮ್ಮೆ ಸಂಖ್ಯೆಯಾಗಿರದೆ ಅಕ್ಷರವಾಗಿ ಕೂತಿರುತ್ತದೆ. ಕಣ್ಣಿಗೆ 77 ಎಂದೇ ಕಾಣುತ್ತದೆ. ಆದರೆ ಮೊತ್ತ ಮಾಡುವಾಗ `SUM` ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ತಪ್ಪಿದೆ ಎಂದು ಹೇಳುವುದೂ ಇಲ್ಲ. ಒಟ್ಟು ಅಂಕ ಸರಿಯಾಗಿ ಒಂದು ವಿಷಯದಷ್ಟೇ ಕಡಿಮೆ ಬಂದಿದ್ದರೆ ಕಾರಣ ಇದೇ ಇರಬಹುದು. ಆ ಮನೆಗಳಲ್ಲಿ ಅಂಕ ಎಡಕ್ಕೆ ಒತ್ತಿಕೊಂಡಿದೆಯೇ ನೋಡಿ. ಸಂಖ್ಯೆಗಳು ತಾವಾಗಿ ಬಲಕ್ಕೆ ನಿಲ್ಲುತ್ತವೆ.

ಪದವಿ ತರಗತಿಗೆ ಬಂದರೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ, ಮನೆಯವರಿಗೆ ಕೈ ಬಿಟ್ಟುಹೋಗುವುದೂ ಇಲ್ಲಿಯೇ. ಇಲ್ಲಿ ಪ್ರತಿ ವಿಷಯಕ್ಕೂ ಒಂದು ಕ್ರೆಡಿಟ್ ಇರುತ್ತದೆ, ಅದು ಆ ವಿಷಯದ ತೂಕ. ಪಡೆದ ಅಂಕಕ್ಕೆ ಗ್ರೇಡ್, ಗ್ರೇಡ್‌ಗೆ ಒಂದು ಪಾಯಿಂಟ್. ಯುಜಿಸಿಯ ಹತ್ತರ ಅಳತೆಯಲ್ಲಿ ‘ಒ’ ಗ್ರೇಡ್‌ಗೆ 10, ಅನುತ್ತೀರ್ಣಕ್ಕೆ ಸೊನ್ನೆ. ಸೆಮಿಸ್ಟರಿನ ಸರಾಸರಿ, ಅಂದರೆ ಎಸ್‌ಜಿಪಿಎ, ತೆಗೆಯಲು ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು.

ಒಬ್ಬ ವಿದ್ಯಾರ್ಥಿಗೆ ಆರು ವಿಷಯಗಳು. ಕನ್ನಡ ಮೂರು ಕ್ರೆಡಿಟ್, ಪಾಯಿಂಟ್ 9. ಇಂಗ್ಲಿಷ್ ಮೂರು ಕ್ರೆಡಿಟ್, 8. ಗಣಿತ ನಾಲ್ಕು ಕ್ರೆಡಿಟ್, 6. ಭೌತಶಾಸ್ತ್ರ ನಾಲ್ಕು, 6. ಅದರ ಪ್ರಾಯೋಗಿಕ ಎರಡು, 10. ಸಂವಿಧಾನ ಎರಡು, 9. ಗುಣಿಸಿದರೆ 27, 24, 24, 24, 20, 18. ಮೊತ್ತ 137. ಒಟ್ಟು ಕ್ರೆಡಿಟ್ 18. ಭಾಗಿಸಿದರೆ 7.61. ಕ್ರೆಡಿಟ್ ಮರೆತು ಆರು ಪಾಯಿಂಟುಗಳನ್ನು ಕೂಡಿ ಆರರಿಂದ ಭಾಗಿಸಿದವರಿಗೆ ಬರುವುದು ನೇರವಾಗಿ 8.00. ಕಡಿಮೆ ತೂಕದ ವಿಷಯಗಳಲ್ಲಿ ಚೆನ್ನಾಗಿ ಮಾಡಿ, ಹೆಚ್ಚು ತೂಕದವುಗಳಲ್ಲಿ ಹಿಂದೆ ಬಿದ್ದವರಿಗೆ ಈ ಅಂತರ ಯಾವಾಗಲೂ ದೊಡ್ಡದಾಗಿರುತ್ತದೆ.

ಕ್ರೆಡಿಟ್ `B2` ರಿಂದ `B7`, ಪಾಯಿಂಟ್ `C2` ರಿಂದ `C7` ಮನೆಗಳಲ್ಲಿದ್ದರೆ ಒಂದೇ ಸಾಲು ಸಾಕು:

```
=SUMPRODUCT(B2:B7,C2:C7)/SUM(B2:B7)
```

ಇದೇ ವಿದ್ಯಾರ್ಥಿ ಗಣಿತದಲ್ಲಿ ಅನುತ್ತೀರ್ಣನಾದ ಎನ್ನೋಣ. ಅವನ ಗಣಿತದ ಪಾಯಿಂಟ್ ಸೊನ್ನೆ. ಮೇಲಿನ ಮೊತ್ತ 113ಕ್ಕೆ ಇಳಿಯುತ್ತದೆ, ಆದರೆ ಗಣಿತದ ನಾಲ್ಕು ಕ್ರೆಡಿಟ್ ಕೆಳಗೆ ಹಾಗೆಯೇ ಉಳಿಯಬೇಕು. 113ನ್ನು 18ರಿಂದ ಭಾಗಿಸಿದರೆ 6.28. ಫೇಲಾದ ವಿಷಯ ಎಂದು ಅದರ ಕ್ರೆಡಿಟ್ಟನ್ನೂ ತೆಗೆದು 14ರಿಂದ ಭಾಗಿಸಿದರೆ 8.07 ಬರುತ್ತದೆ, ಪಾಸಾಗಿದ್ದಾಗ ಬಂದ 7.61ಕ್ಕಿಂತ ಹೆಚ್ಚು. ಫೇಲಾದವನ ಸರಾಸರಿ ಏರಿತು ಎಂದು ಕಂಡರೆ ಅಲ್ಲಿ ಕ್ರೆಡಿಟ್ ಕಾಣೆಯಾಗಿದೆ ಎಂದೇ ತಿಳಿಯಬೇಕು.

ಎಲ್ಲ ಸೆಮಿಸ್ಟರುಗಳ ಸರಾಸರಿಯಾದ ಸಿಜಿಪಿಎಗೂ ಇದೇ ನ್ಯಾಯ. ಮೊದಲ ಸೆಮಿಸ್ಟರಿನ 18 ಕ್ರೆಡಿಟ್‌ಗೆ 7.61, ಎರಡನೆಯದರಲ್ಲಿ 24 ಕ್ರೆಡಿಟ್‌ಗೆ 6.50 ಬಂದಿದೆ ಎಂದರೆ, 137ಕ್ಕೆ 156 ಕೂಡಿ 42ರಿಂದ ಭಾಗಿಸಬೇಕು. ಉತ್ತರ 6.98. ಎರಡು ಸೆಮಿಸ್ಟರನ್ನು ಕೂಡಿ ಅರ್ಧ ಮಾಡಿದರೆ ಏಳನ್ನು ದಾಟಿಬಿಡುತ್ತದೆ. ಕನಿಷ್ಠ ಏಳು ಬೇಕು ಎನ್ನುವ ಕಡೆ ಅರ್ಜಿ ಹಾಕುವವರಿಗೆ ಈ ಅಂತರವೇ ನಿರ್ಣಾಯಕ. ಹಾಗೆಂದು ಎರಡನೆಯ ದಶಮಾಂಶದಲ್ಲಿ ಒಂದರ ವ್ಯತ್ಯಾಸ ಕಂಡರೆ ದೂರು ಬರೆಯಲು ಹೊರಡಬೇಡಿ. 6.976ನ್ನು ಒಬ್ಬರು 6.98 ಎಂದು ಬರೆದರೆ ಮತ್ತೊಬ್ಬರು ಉಳಿದದ್ದನ್ನು ಕತ್ತರಿಸಿ 6.97 ಎನ್ನುತ್ತಾರೆ.

ಸಿಜಿಪಿಎಯಿಂದ ಶೇಕಡಾವಾರಿಗೆ ಹೋಗುವಾಗ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ದೇಶಕ್ಕೆಲ್ಲ ಒಂದೇ ಸೂತ್ರ ಇಲ್ಲ. ಸಿಬಿಎಸ್‌ಇ ಹತ್ತನೆಯ ತರಗತಿಯಲ್ಲಿ ಗ್ರೇಡ್ ಕೊಡುತ್ತಿದ್ದ ಕಾಲದ 9.5ರ ಗುಣಾಕಾರ ಇಂದಿಗೂ ಎಲ್ಲೆಲ್ಲೂ ಓಡಾಡುತ್ತಿದೆ. ವಿಟಿಯುನ 2018ರ ಯೋಜನೆಯಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಸಿಜಿಪಿಎ 8.20 ಇದ್ದವರಿಗೆ ಇದರಿಂದ ಶೇ. 74.5 ಬಂದರೆ, 9.5ರ ಲೆಕ್ಕದಿಂದ ಶೇ. 77.9, ಸುಮ್ಮನೆ ಹತ್ತರಿಂದ ಗುಣಿಸಿದರೆ ಶೇ. 82. ನಿಮ್ಮ ವಿಶ್ವವಿದ್ಯಾಲಯ, ನೀವು ಸೇರಿದ ವರ್ಷದ ನಿಯಮಾವಳಿಯಲ್ಲಿ ಬರೆದಿರುವ ಸೂತ್ರವೇ ಅಧಿಕೃತ. ಅದು ಅಂಕಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವುದೂ ಉಂಟು, ಒಮ್ಮೆ ತಿರುಗಿಸಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಅಂಕಪಟ್ಟಿಯ ಲೆಕ್ಕಕ್ಕೆ ಒಂದು ಮಿತಿಯಿದೆ. ಉತ್ತರ ಪತ್ರಿಕೆಯೊಳಗೆ ಏನಾಗಿದೆ ಎಂದು ಅದು ಹೇಳಲಾರದು. ಒಂದು ಉತ್ತರಕ್ಕೆ ಅಂಕವೇ ಬಿದ್ದಿಲ್ಲದಿರಬಹುದು, ಒಳಪುಟದ ಅಂಕ ಮುಖಪುಟದ ಚೌಕಕ್ಕೆ ಏರದೇ ಇರಬಹುದು. ಇದಕ್ಕೆ ಪತ್ರಿಕೆಯ ಪ್ರತಿಯನ್ನೇ ತರಿಸಿ ನೋಡಬೇಕು. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಹಕ್ಕು ಪರೀಕ್ಷೆ ಬರೆದವರಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣವೊಂದರಲ್ಲಿ ಹೇಳಿದೆ. ನಮ್ಮ ಪರೀಕ್ಷಾ ಮಂಡಳಿಯಲ್ಲಂತೂ ಫಲಿತಾಂಶದ ಬಳಿಕ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಲು ಅವಕಾಶವಿದೆ. ಪ್ರತಿ ಕೈಗೆ ಬಂದ ಮೇಲೆ ಏನು ಕೇಳಬೇಕು ಎಂಬುದನ್ನು ತಪ್ಪೇ ತೀರ್ಮಾನಿಸುತ್ತದೆ. ಕೂಡುವುದರಲ್ಲಿ ತಪ್ಪಿದ್ದರೆ ಮರುಎಣಿಕೆ, ಅಂಕ ಕೊಟ್ಟ ರೀತಿಯ ಬಗ್ಗೆಯೇ ತಕರಾರಿದ್ದರೆ ಮರುಮೌಲ್ಯಮಾಪನ. ಎರಡಕ್ಕೂ ಕೊನೆಯ ದಿನಾಂಕ ಇರುತ್ತದೆ, ಅದು ಬೇಗ ಮುಗಿಯುತ್ತದೆ.

ಅಚ್ಚಾದ ಪಟ್ಟಿಯಲ್ಲಿಯೇ ತಪ್ಪು ಸಿಕ್ಕರೆ ‘ಅಂಕ ಕಡಿಮೆ ಬಂದಿದೆ’ ಎಂದಷ್ಟೇ ಬರೆದು ಕಳುಹಿಸಬೇಡಿ. ಯಾವ ಸಾಲು, ಏನು ಅಚ್ಚಾಗಿದೆ, ನಿಮ್ಮ ಲೆಕ್ಕದಲ್ಲಿ ಎಷ್ಟು ಬರುತ್ತದೆ, ಯಾವ ನಿಯಮದ ಪ್ರಕಾರ ಎಂದು ಕೂಡಿ ಭಾಗಿಸಿದ ಹಂತಗಳ ಸಮೇತ ಅರ್ಜಿಯಲ್ಲಿ ಬರೆಯಿರಿ. ಅಂಕಪಟ್ಟಿಯ ಪ್ರತಿ ಲಗತ್ತಿಸಿ, ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಮೂಲಕ ಕಳುಹಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.