ಹಳೆಯ ಗ್ರಾಹಕರ ವರಮಾನ: ಎರಡು ಅಳತೆಗಳು

ಚಂದಾ ಪಡೆದು ಸಾಫ್ಟ್‌ವೇರ್ ಒದಗಿಸುವ ಕಂಪನಿಗಳು ಹಳೆಯ ಗ್ರಾಹಕರ ವರಮಾನ ಎಷ್ಟು ಉಳಿದಿದೆ ಎಂಬುದನ್ನು ಎರಡು ಬಗೆಯಲ್ಲಿ ಅಳೆಯುತ್ತವೆ. ಒಂದು ಗ್ರಾಸ್ ರೆವೆನ್ಯೂ ರಿಟೆನ್ಷನ್ ಅಥವಾ ಜಿಆರ್‌ಆರ್. ಇನ್ನೊಂದು ನೆಟ್ ರೆವೆನ್ಯೂ ರಿಟೆನ್ಷನ್ ಅಥವಾ ಎನ್‌ಆರ್‌ಆರ್. ಎರಡೂ ಶುರುವಾಗುವುದು ಒಂದೇ ಕಡೆಯಿಂದ: ವರ್ಷದ ಆರಂಭದಲ್ಲಿದ್ದ ಗ್ರಾಹಕರು ಮತ್ತು ಅವರು ಆಗ ಕಟ್ಟುತ್ತಿದ್ದ ಚಂದಾ. ಆಮೇಲೆ ಸೇರಿದ ಹೊಸ ಗ್ರಾಹಕರ ಹಣ ಎರಡರಲ್ಲೂ ಲೆಕ್ಕಕ್ಕಿಲ್ಲ.

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಒಂದು ಕಂಪನಿಗೆ ವರ್ಷಾರಂಭದಲ್ಲಿ ತಿಂಗಳಿಗೆ 10 ಲಕ್ಷ ರೂಪಾಯಿ ಚಂದಾ ಬರುತ್ತಿತ್ತು ಎಂದುಕೊಳ್ಳೋಣ. ವರ್ಷ ಮುಗಿಯುವಷ್ಟರಲ್ಲಿ ಕೆಲವರು ಬಿಟ್ಟುಹೋಗಿ 80 ಸಾವಿರ ಕೈತಪ್ಪಿತು. ಕೆಲವರು ಅಗ್ಗದ ಪ್ಲಾನಿಗೆ ಇಳಿದು 70 ಸಾವಿರ ಕಡಿಮೆಯಾಯಿತು. ಮತ್ತೆ ಕೆಲವರು ಹೊಸ ಶಾಖೆಗಳಿಗೂ ಅದನ್ನೇ ಕೊಂಡದ್ದರಿಂದ 2 ಲಕ್ಷ ಹೆಚ್ಚಿತು. ಜಿಆರ್‌ಆರ್ ಕಳೆಯುವುದನ್ನು ಮಾತ್ರ ಬಲ್ಲದು: ಉಳಿದದ್ದು 8.5 ಲಕ್ಷ, ಅಂದರೆ ಶೇ 85. ಎನ್‌ಆರ್‌ಆರ್ ಹೆಚ್ಚಳವನ್ನೂ ಕೂಡಿಸುತ್ತದೆ: 10.5 ಲಕ್ಷ, ಅಂದರೆ ಶೇ 105.

ಪ್ಲಾನ್ ಇಳಿಸಿದವರು ಎರಡೂ ಅಂಕಿಗಳನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತಾರೆ. ಹೆಚ್ಚು ಕೊಂಡವರು ಎನ್‌ಆರ್‌ಆರ್ ಅನ್ನು ಮಾತ್ರ ಏರಿಸುತ್ತಾರೆ. ಆದ್ದರಿಂದ ಜಿಆರ್‌ಆರ್ ಎಂದಿಗೂ ಶೇ 100 ದಾಟದು, ಎರಡರ ನಡುವಿನ ಅಂತರವೇ ಹೆಚ್ಚಳದ ಪಾಲು. ಇನ್ನೊಂದು ಕಂಪನಿ 30 ಸಾವಿರ ಕಳೆದುಕೊಂಡು 80 ಸಾವಿರ ಹೆಚ್ಚಿಸಿಕೊಂಡರೆ ಅದರ ಎನ್‌ಆರ್‌ಆರ್ ಕೂಡ ಶೇ 105, ಜಿಆರ್‌ಆರ್ ಮಾತ್ರ ಶೇ 97. ಮೊದಲ ಕಂಪನಿಯಲ್ಲಿ ಶಾಖೆಗಳ ವಿಸ್ತರಣೆ ನಿಂತ ವರ್ಷ ಸೋರಿಕೆ ಹಾಗೆಯೇ ಉಳಿದರೆ ಎನ್‌ಆರ್‌ಆರ್ ನೇರವಾಗಿ ಶೇ 85ಕ್ಕೆ ಕುಸಿಯುತ್ತದೆ. ಎರಡನೆಯದು ಶೇ 97ರಲ್ಲಿ ನಿಲ್ಲುತ್ತದೆ.

ಲೆಕ್ಕ ಹಾಕುವ ರೀತಿಯೂ ಅಂಕಿಯನ್ನು ಬದಲಿಸುತ್ತದೆ. ವರ್ಷಾರಂಭದಲ್ಲಿ 10 ಬಳಕೆದಾರರಿಗೆ ಚಂದಾ ಕಟ್ಟುತ್ತಿದ್ದ ಗ್ರಾಹಕ ಜೂನ್‌ನಲ್ಲಿ 15ಕ್ಕೆ ಏರಿ, ಡಿಸೆಂಬರ್‌ನಲ್ಲಿ 12ಕ್ಕೆ ಇಳಿದನೆನ್ನೋಣ. ವರ್ಷದ ಎರಡು ತುದಿಗಳನ್ನಷ್ಟೇ ಹೋಲಿಸಿದರೆ ಅವನು ಇಳಿದೇ ಇಲ್ಲ, ಜಿಆರ್‌ಆರ್‌ನಲ್ಲಿ ಅವನ ಪಾಲು ಶೇ 100. ಪ್ರತಿ ತಿಂಗಳ ಏರಿಳಿತವನ್ನು ಬೇರೆಬೇರೆ ಕೂಡಿಸಿದರೆ 3 ಬಳಕೆದಾರರ ಇಳಿಕೆ ದಾಖಲಾಗಿ ಅದು ಶೇ 70 ಆಗುತ್ತದೆ. ಎನ್‌ಆರ್‌ಆರ್ ಎರಡೂ ರೀತಿಯಲ್ಲಿ ಶೇ 120. ಹೀಗಾಗಿ ಎರಡು ಕಂಪನಿಗಳ ಜಿಆರ್‌ಆರ್ ಹೋಲಿಸುವ ಮೊದಲು ಅವು ಲೆಕ್ಕ ಹಾಕಿದ ಕ್ರಮ ಒಂದೇ ಆಗಿದೆಯೇ ಎಂದು ನೋಡಬೇಕು.

ಬಳಸಿದಷ್ಟಕ್ಕೆ ಹಣ ಪಡೆಯುವ ಅಮೆರಿಕದ ಸ್ನೋಫ್ಲೇಕ್ ಕಂಪನಿ 2023ರ ಜನವರಿ ಅಂತ್ಯಕ್ಕೆ ಶೇ 158ರ ಎನ್‌ಆರ್‌ಆರ್ ಪ್ರಕಟಿಸಿತ್ತು. ಮರುವರ್ಷ ಅದು ಶೇ 131. ಗ್ರಾಹಕರು ಬಿಟ್ಟುಹೋದರೋ, ಬಳಕೆ ಬೆಳೆಯುವ ವೇಗ ತಗ್ಗಿತೋ ಎಂಬುದನ್ನು ಈ ಒಂದೇ ಅಂಕಿ ಹೇಳದು. ಇಂಥ ಇಳಿಕೆಯಲ್ಲಿ ಜಿಆರ್‌ಆರ್ ಕದಲದೆ ಇದ್ದರೆ ನಿಧಾನವಾದದ್ದು ಬೆಳವಣಿಗೆ. ಅದೂ ಜೊತೆಗೆ ಇಳಿದರೆ ಇದ್ದ ವರಮಾನವೇ ಸೋರುತ್ತಿದೆ.