ಕಾಲೇಜು ಅರ್ಜಿಯಲ್ಲಿ ಮನೆ ಮತ್ತು ಅಂಗಡಿಯ ಕೆಲಸ

ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಪದವಿ ಪ್ರವೇಶಕ್ಕೆ ‘ಕಾಮನ್ ಆ್ಯಪ್’ ಎಂಬ ಒಂದೇ ಅರ್ಜಿಯನ್ನು ಒಪ್ಪುತ್ತವೆ. ಕರ್ನಾಟಕದಿಂದ ಅಲ್ಲಿಗೆ ಹೋಗಬಯಸುವ ಪಿಯುಸಿ ವಿದ್ಯಾರ್ಥಿಗಳೂ ಇದನ್ನು ತುಂಬುತ್ತಾರೆ. ಅಂಕಪಟ್ಟಿಯ ಜೊತೆಗೆ ಅದು ಮುಖ್ಯವಾಗಿ ಎರಡು ಸಂಗತಿಗಳನ್ನು ಕೇಳುತ್ತದೆ. ಒಂದು, ತರಗತಿಯ ಹೊರಗೆ ಮಾಡಿದ ಕೆಲಸಗಳ ಪಟ್ಟಿ. ಇದರಲ್ಲಿ ಹತ್ತರವರೆಗೆ ನಮೂದಿಸಬಹುದು. ಇನ್ನೊಂದು, 250ರಿಂದ 650 ಪದಗಳ ವೈಯಕ್ತಿಕ ಪ್ರಬಂಧ. ಪಟ್ಟಿಯ ಮುಂದೆ ಕುಳಿತ ಅನೇಕರು ಚರ್ಚಾಸ್ಪರ್ಧೆ, ಕ್ರಿಕೆಟ್ ತಂಡ, ಎನ್‌ಎಸ್‌ಎಸ್ ಶಿಬಿರಗಳನ್ನು ನೆನಪಿಸಿಕೊಳ್ಳುತ್ತಾರೆಯೇ ಹೊರತು, ದಿನವೂ ಸಂಜೆ ಅಪ್ಪನ ಅಂಗಡಿಯಲ್ಲಿ ಕೂತದ್ದನ್ನಾಗಲಿ, ಅಜ್ಜಿಯನ್ನು ನೋಡಿಕೊಂಡದ್ದನ್ನಾಗಲಿ ಬರೆಯುವುದಿಲ್ಲ. ಆದರೆ ಆ ಪಟ್ಟಿಯಲ್ಲಿ ಕುಟುಂಬದ ಜವಾಬ್ದಾರಿಗಳು ಎಂಬ ವರ್ಗವೇ ಇದೆ. ಸಂಬಳದ ಕೆಲಸಕ್ಕೆ ಇನ್ನೊಂದು ವರ್ಗವಿದೆ. ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದವರು ಮೊದಲನೆಯದನ್ನು ಆರಿಸಿಕೊಳ್ಳಬಹುದು. 2016ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಿಂದ ಬಂದ ‘ಟರ್ನಿಂಗ್ ದ ಟೈಡ್’ ವರದಿ ಕೂಡ, ಮನೆಗೆ ಕೊಟ್ಟ ದುಡಿಮೆಯನ್ನು ಕಾಲೇಜುಗಳು ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳಿತ್ತು.

ಹೀಗೆ ಜಾಗವೇನೋ ಇದೆ. ಅದನ್ನು ತುಂಬುವ ಬಗೆಯಲ್ಲಿ ಎಡವಟ್ಟಾಗುತ್ತದೆ. ಒಂದು ಕಲ್ಪಿತ ಉದಾಹರಣೆಯನ್ನು ಹಿಡಿದು ನೋಡಿದರೆ ಇದು ತಿಳಿಯಾಗುತ್ತದೆ. ದಾವಣಗೆರೆಯ ಒಂದು ಬಡಾವಣೆಯಲ್ಲಿ ತಂದೆಯ ಕಿರಾಣಿ ಅಂಗಡಿ. ಮಗಳು ಎರಡನೇ ಪಿಯುಸಿ. ಹತ್ತನೇ ತರಗತಿಯಿಂದಲೂ ಅಂಗಡಿಯ ಉದ್ರಿ ಪುಸ್ತಕ ಅವಳ ಕೈಯಲ್ಲಿದೆ ಎಂದಿಟ್ಟುಕೊಳ್ಳೋಣ.

ಪಟ್ಟಿಯಲ್ಲಿ ಪ್ರತಿ ಕೆಲಸದ ವಿವರಣೆಗೆ ಸಿಗುವುದು 150 ಅಕ್ಷರ ಮಾತ್ರ, ಅದೂ ಖಾಲಿ ಜಾಗಗಳನ್ನು ಸೇರಿಸಿ. ಅದರ ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ತಿಳಿಸಬೇಕು. ಈ ಲೆಕ್ಕವನ್ನು ಅಂದಾಜಿನಿಂದ ಬರೆಯುವ ಬದಲು ದಿನಚರಿಯಿಂದಲೇ ತೆಗೆಯಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಆರೂವರೆಯಿಂದ ಎಂಟೂವರೆ ಎಂದರೆ ಹತ್ತು ಗಂಟೆ, ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನಾಲ್ಕು ಗಂಟೆ, ಒಟ್ಟು 14. ಪರೀಕ್ಷೆಯ ನಾಲ್ಕು ವಾರ ಬಿಟ್ಟರೆ ವರ್ಷಕ್ಕೆ 48 ವಾರ. ಕೆಲವರು ಅಂಗಡಿಯ ಮೇಲೆಯೇ ಮನೆಯಿದೆ ಎಂದು ಎಚ್ಚರವಿದ್ದ ಹೊತ್ತನ್ನೆಲ್ಲ ಸೇರಿಸಿ ವಾರಕ್ಕೆ 40 ಗಂಟೆ ಎಂದುಬಿಡುತ್ತಾರೆ. ಕಾಲೇಜು, ಟ್ಯೂಷನ್, ಪಟ್ಟಿಯಲ್ಲಿರುವ ಉಳಿದ ಚಟುವಟಿಕೆಗಳ ಗಂಟೆಗಳನ್ನು ಇದರ ಜೊತೆ ಕೂಡಿಸಿದಾಗ ನಿದ್ದೆಗೆ ಸಮಯವೇ ಉಳಿಯುವುದಿಲ್ಲ. ಓದುವವರು ಇದನ್ನು ಕೂಡಲೇ ಹಿಡಿಯುತ್ತಾರೆ. ಆಮೇಲೆ ನಿಜವಾಗಿ ಮಾಡಿದ ಕೆಲಸವೂ ಅನುಮಾನಕ್ಕೆ ಸಿಲುಕುತ್ತದೆ. ಹುದ್ದೆಯ ಹೆಸರಿಗೂ ಇದೇ ಮಾತು. ‘ಹಣಕಾಸು ನಿರ್ದೇಶಕಿ’ ಎಂದು ಬರೆದರೆ ಅಂಗಡಿಯೂ ಕಾಣುವುದಿಲ್ಲ, ಹುಡುಗಿಯೂ ಕಾಣುವುದಿಲ್ಲ. ‘ಕುಟುಂಬದ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ವಸೂಲಿ’ ಎಂದರೆ ಎರಡೂ ಕಾಣುತ್ತವೆ.

ಪ್ರಬಂಧದ ಹದ ಬೇರೆ. ಇಲ್ಲಿ ಮೊದಲ ಕರಡು ಸಾಮಾನ್ಯವಾಗಿ ತಂದೆಯ ಕಥೆಯಾಗಿಬಿಡುತ್ತದೆ: ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಕಷ್ಟಪಟ್ಟು ಅಂಗಡಿ ಕಟ್ಟಿದರು, ಅವರಿಂದ ಪ್ರಾಮಾಣಿಕತೆ ಕಲಿತೆ. ಬರೆದವಳ ಪ್ರೀತಿ ನಿಜವೇ. ಆದರೆ ಪ್ರವೇಶ ಕೇಳುತ್ತಿರುವವರು ತಂದೆಯಲ್ಲ. ಪ್ರಬಂಧ ಓದಿ ಮುಗಿಸಿದವರಿಗೆ ಮಗಳು ಏನನ್ನು ಗಮನಿಸಿದಳು, ಏನು ತೀರ್ಮಾನಿಸಿದಳು ಎಂಬುದು ಗೊತ್ತಾಗಿರಬೇಕು. ಆದ್ದರಿಂದ ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತಾನು ಇಲ್ಲದಿದ್ದರೆ ಆ ಅಂಗಡಿಯಲ್ಲಿ ಯಾವುದು ಬೇರೆ ರೀತಿ ನಡೆಯುತ್ತಿತ್ತು?

ಈ ಹುಡುಗಿಯ ಉತ್ತರ ಉದ್ರಿ ಪುಸ್ತಕದಲ್ಲೇ ಇದೆ. ಅರವತ್ತು ಮನೆಗಳಿಗೆ ಒಂದೊಂದು ಪುಟ. ತಂದೆ ಎಲ್ಲರಿಂದಲೂ ತಿಂಗಳ ಮೊದಲ ವಾರ ಬಾಕಿ ಕೇಳುತ್ತಿದ್ದರು. ಎರಡು ತಿಂಗಳು ದಾಟಿದ ಬಾಕಿ 19 ಪುಟಗಳಲ್ಲಿತ್ತು. ಪುಟಗಳನ್ನು ತಿರುವುತ್ತ ಅವಳಿಗೆ ಒಂದು ಸಂಗತಿ ಹೊಳೆಯಿತು: ಹಾಗೆ ಉಳಿಸಿಕೊಂಡವರಲ್ಲಿ ಹೆಚ್ಚಿನವರು ಗಾರೆ ಕೆಲಸದವರು, ಹಮಾಲರು. ಅವರಿಗೆ ಬಟವಾಡೆ ಆಗುವುದು ಶನಿವಾರ. ತಿಂಗಳ ಮೊದಲಿಗೆ ಕೇಳಿದರೆ ಅವರ ಕೈಯಲ್ಲಿ ದುಡ್ಡು ಇರುವುದೇ ಇಲ್ಲ. ಅವಳು ಪುಸ್ತಕವನ್ನು ಎರಡು ಭಾಗ ಮಾಡಿದಳು. ವಾರದ ಕೂಲಿಯವರಿಂದ ಶನಿವಾರ ಸಂಜೆ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುವ ಪದ್ಧತಿ ತಂದಳು. ಆರು ತಿಂಗಳಲ್ಲಿ ಹಳೆಯ ಬಾಕಿಯ ಪುಟಗಳು 19ರಿಂದ 8ಕ್ಕೆ ಇಳಿದವು. ಒಂದು ಮನೆಯವರು ಮಾತ್ರ, ವಾರವಾರ ಕೇಳುವುದು ಮುಜುಗರವೆಂದು ಅಂಗಡಿಗೆ ಬರುವುದನ್ನೇ ಬಿಟ್ಟರು.

ಕೊನೆಯ ಆ ಮನೆಯನ್ನು ಪ್ರಬಂಧದಿಂದ ಕೈಬಿಡಬೇಕೆಂದು ಅನ್ನಿಸುವುದು ಸಹಜ. ಕೈಬಿಡಬಾರದು. ವಸೂಲಿಯ ಲೆಕ್ಕ ಸರಿಹೋದದ್ದು ಪ್ರಬಂಧದ ಅರ್ಧಭಾಗವಷ್ಟೆ. ಹಣ ಕೇಳುವ ಹೊತ್ತಿನಲ್ಲಿ ನೆರೆಯವರ ಮಾನವನ್ನೂ ನೋಡಬೇಕಾಗುತ್ತದೆ ಎಂಬ ತೊಡಕು ಅವಳ ಯೋಚನೆಯ ಆಳವನ್ನು ತೋರಿಸುತ್ತದೆ. ಆ ಘಟನೆಯ ನಂತರ ಅವಳು ಹಣದ ಮಾತನ್ನು ಬೇರೆ ಗಿರಾಕಿಗಳ ಎದುರು ಎತ್ತದೆ, ಸಾಮಾನಿನ ಚೀಟಿಯ ಕೆಳಗೆ ಬಾಕಿ ಬರೆದುಕೊಡಲು ಶುರುಮಾಡಿದ್ದರೆ, ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಜಾಗದ ಹಂಚಿಕೆಯೂ ಇದನ್ನೇ ಅನುಸರಿಸಬೇಕು. ಅಂಗಡಿ ಎಂಥದ್ದು, ಉದ್ರಿ ಎಂದರೆ ಬಡ್ಡಿಯಿಲ್ಲದ ನಂಬಿಕೆಯ ಸಾಲ ಎಂಬುದನ್ನು ಪರದೇಶದ ಓದುಗರಿಗೆ ತಿಳಿಸಲು ನೂರು ಪದ ಸಾಕು. ಉಳಿದದ್ದೆಲ್ಲ ಪುಸ್ತಕ, ಶನಿವಾರ ಮತ್ತು ಆ ಮನೆಗೆ ಸಲ್ಲಬೇಕು. ಗಿರಾಕಿಗಳ ಹೆಸರು ಮಾತ್ರ ಎಲ್ಲಿಯೂ ಬರಕೂಡದು.

ಮನೆಗೆಲಸದಲ್ಲಿ ಹೀಗೆ ಅಂಕಿಗಳಲ್ಲಿ ಹೇಳುವಂಥ ಬದಲಾವಣೆ ಸಿಗುವುದು ಕಷ್ಟ. ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಮೂರು ವರ್ಷ ನೋಡಿಕೊಂಡವನ ಬಳಿ ‘19ರಿಂದ 8’ ಎನ್ನುವಂಥದ್ದು ಇರುವುದಿಲ್ಲ. ಅಲ್ಲಿ ತೋರಿಸಬೇಕಾದದ್ದು ಕಾಲಕ್ರಮದಲ್ಲಿ ಬಂದ ತಿಳಿವಳಿಕೆ. ಅಜ್ಜಿ ಬೆವರಿ, ಕೈ ನಡುಗಿ, ಸುಮ್ಮಸುಮ್ಮನೆ ರೇಗಿದರೆ ಸಕ್ಕರೆ ಇಳಿದಿರಬಹುದು ಎಂದು ಗುರುತಿಸಿ ಗ್ಲುಕೋಮೀಟರ್ ತರುವುದು, ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ಬೇಡವೆನ್ನುವ ಅಜ್ಜಿಯನ್ನು ಒಪ್ಪಿಸುವುದು: ಇವನ್ನು ಮಾಡಿದವನು ಮಾತ್ರ ಬರೆಯಬಲ್ಲ. ‘ಸಹನೆ ಕಲಿತೆ’ ಎಂಬ ಮಾತನ್ನು ಯಾರು ಬೇಕಾದರೂ ಬರೆಯಬಹುದು.

ಈ ವಿಷಯದ ಪ್ರಬಂಧಗಳಿಗೆ ಕಾಡುವ ಇನ್ನೊಂದು ದೋಷ, ಕರುಣೆ ಬೇಡುವ ದನಿ. ಅಜ್ಜಿಯ ಆರೈಕೆಯಿಂದ ಮೊದಲ ಪಿಯುಸಿಯಲ್ಲಿ ಅಂಕ ಕುಸಿದಿದ್ದರೆ, ಆಟದ ತಂಡ ಬಿಡಬೇಕಾಗಿ ಬಂದಿದ್ದರೆ ಅದನ್ನು ಹೇಳಲೇಬೇಕು. ಆದರೆ ಅದಕ್ಕೆಂದೇ ಅರ್ಜಿಯಲ್ಲಿ ಕಷ್ಟ ಮತ್ತು ಸನ್ನಿವೇಶಗಳನ್ನು ವಿವರಿಸುವ ಪ್ರತ್ಯೇಕ ಜಾಗವಿದೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ದಿನಕ್ಕೆ ಎಷ್ಟು ಹೊತ್ತು, ಯಾವ ವಿಷಯದಲ್ಲಿ ಅಂಕ ಇಳಿಯಿತು ಎಂದು ನಾಲ್ಕೈದು ವಾಕ್ಯಗಳಲ್ಲಿ ಅಲ್ಲಿ ಬರೆದರೆ, ಮುಖ್ಯ ಪ್ರಬಂಧ ಆ ಭಾರದಿಂದ ಬಿಡುಗಡೆ ಪಡೆಯುತ್ತದೆ.

ಅಂಗಡಿಯ ಕೆಲಸಕ್ಕೆ ಪ್ರಮಾಣಪತ್ರವಿಲ್ಲವಲ್ಲ ಎಂಬ ಅಳುಕು ಸಾಮಾನ್ಯ. ಅರ್ಜಿ ಅದನ್ನು ಕೇಳುವುದಿಲ್ಲ. ಬರೆದದ್ದೆಲ್ಲ ನಿಜವೆಂದು ವಿದ್ಯಾರ್ಥಿ ದೃಢೀಕರಿಸಬೇಕು. ಆದರೆ ಕಾಲೇಜಿನಿಂದಲೂ ಶಿಫಾರಸು ಪತ್ರ ಹೋಗುತ್ತದೆ. ಸಂಜೆಯ ತರಗತಿಗಳಿಗೆ ಹುಡುಗಿ ಏಕೆ ನಿಲ್ಲುತ್ತಿರಲಿಲ್ಲ ಎಂಬುದು ಪ್ರಾಂಶುಪಾಲರಿಗೋ ಉಪನ್ಯಾಸಕರಿಗೋ ಗೊತ್ತಿರದಿದ್ದರೆ ಪತ್ರ ಅದರ ಬಗ್ಗೆ ಮೌನವಾಗಿರುತ್ತದೆ. ಆದ್ದರಿಂದ ಪತ್ರ ಕೇಳುವಾಗಲೇ ಒಂದು ಹಾಳೆಯಲ್ಲಿ ಅಂಗಡಿಯ ಸಮಯ, ಕೆಲಸದ ಸ್ವರೂಪ, ಶುರುವಾದ ವರ್ಷವನ್ನು ಬರೆದುಕೊಡುವುದು ಒಳ್ಳೆಯದು. ಅದರಲ್ಲಿನ ಗಂಟೆಗಳೂ ಅರ್ಜಿಯಲ್ಲಿನ ಗಂಟೆಗಳೂ ಒಂದೇ ಇರಬೇಕು.